ನೈಟ್ ಶಿಫ್ಟ್‌ನ ಕೊನೆಯ ಹ್ಯಾಂಡೋವರ್ ಮೆಸೇಜ್ ಹೇಗೆ ಬರೆಯಬೇಕು?

ಪ್ರಶ್ನೆ: ಹಾಲಿನ ಡೈರಿಯಲ್ಲಿ ನೈಟ್ ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ. ಬೇರೆ ಯೂನಿಟ್‌ಗೆ ವರ್ಗ ಆಗಿದೆ, ಇವತ್ತು ರಾತ್ರಿಯೇ ಕೊನೆ. ಬಾಕಿ ಕೆಲಸ, ಅಪಾಯ ಎಲ್ಲ ಬರೆದು ಹ್ಯಾಂಡೋವರ್ ಮೆಸೇಜ್ ಹಾಕಿ ಅಂದಿದ್ದಾರೆ. ಏನು ಬರೆಯಲಿ, ಯಾವುದನ್ನು ಮೊದಲು ಬರೆಯಲಿ?

ಉತ್ತರ: ಹೊರಗಿನಿಂದ ನೋಡಿದವರಿಗೆ ಮುಗಿದಂತೆ ಕಾಣುವ, ಆದರೆ ಅರ್ಧಕ್ಕೆ ನಿಂತಿರುವ ಕೆಲಸವನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಡೈರಿಯಲ್ಲಿ ನಾನು ಹಲವು ವರ್ಷ ಶಿಫ್ಟ್ ನೋಡಿಕೊಂಡಿದ್ದೇನೆ. ಕೆಟ್ಟು ನಿಂತ ಮೆಷಿನ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ನೀವು ಬರೆಯದಿದ್ದರೂ ಬೆಳಗಿನವರು ಕಂಡುಕೊಳ್ಳುತ್ತಾರೆ. ಸಿಐಪಿ, ಅಂದರೆ ಬಿಚ್ಚದೆಯೇ ಒಳಗೆ ತೊಳೆಯುವ ಕೆಲಸ, ಅರ್ಧಕ್ಕೆ ನಿಂತ ಹಾಲಿನ ಸೈಲೊ ಹಾಗಲ್ಲ. ಕಾಸ್ಟಿಕ್ ಸುತ್ತಿಸಿ ಡ್ರೈನ್ ಮಾಡಿದ ಸೈಲೊ ಒಳಗೆ ಥಳಥಳ ಹೊಳೆಯುತ್ತಿರುತ್ತದೆ. ಆ್ಯಸಿಡ್ ಆಗಿಲ್ಲ, ಕೊನೆಯ ನೀರು ಹೋಗಿಲ್ಲ ಅನ್ನುವುದು ನೋಡಿದರೆ ಗೊತ್ತಾಗುವುದಿಲ್ಲ. ಬೆಳಗಿನ ಟ್ಯಾಂಕರ್ ಬಂದಾಗ ಖಾಲಿ ಇದೆಯಲ್ಲ ಅಂತ ಅದಕ್ಕೇ ಹಾಲು ಇಳಿಸಿಬಿಡುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಉಳಿದ ಕಾಸ್ಟಿಕ್ ಹಾಲಿನ ಹುಳಿಯನ್ನು ತಿಂದುಹಾಕುತ್ತದೆ. ಆಮೇಲೆ ಲ್ಯಾಬ್‌ನಲ್ಲಿ ಅಸಿಡಿಟಿ ನೋಡಿದರೆ ಕಡಿಮೆಯೇ ಬರುತ್ತದೆ, ಹಾಲು ಚೆನ್ನಾಗಿದೆ ಅನ್ನಿಸುತ್ತದೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ರಿಫೈನರಿಯಲ್ಲಿ ಆದ ಸ್ಫೋಟದ ಹಿಂದೆಯೂ ಇಂಥದೇ ಅರ್ಧ ಕೆಲಸವಿತ್ತು. ರಾತ್ರಿ ಪಾಳಿಯವರು ಒಂದು ಗೋಪುರಕ್ಕೆ ದ್ರವ ತುಂಬಿಸಿ ನಿಲ್ಲಿಸಿದ್ದರು. ಲಾಗ್‌ಬುಕ್‌ನಲ್ಲಿ ಇದ್ದದ್ದು, ಯೂನಿಟ್‌ಗೆ ಸ್ವಲ್ಪ ಮಾಲು ತಂದಿದ್ದೇವೆ ಅನ್ನುವ ಅರ್ಥದ ಒಂದು ಸಾಲು. ಎಷ್ಟು ಮಟ್ಟಕ್ಕೆ ತುಂಬಿದೆ, ಮುಂದೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಅದರಲ್ಲಿ ಇರಲಿಲ್ಲ. ಹಗಲಿನ ಸೂಪರ್‌ವೈಸರ್ ತಡವಾಗಿ ಬಂದರು, ರಾತ್ರಿಯವರ ಜೊತೆ ಮಾತೇ ಆಗಲಿಲ್ಲ. ಹಗಲಿನವರು ಇನ್ನೂ ತುಂಬಿಸಿದರು, ಗೋಪುರ ಉಕ್ಕಿತು. 15 ಜನ ಸತ್ತರು, 180 ಜನಕ್ಕೆ ಗಾಯವಾಯಿತು. ಕಾರಣಗಳು ಬೇರೆಯೂ ಇದ್ದವು. ಆದರೂ ಪಾಳಿ ಬದಲಾವಣೆಯ ಆ ಒಂದು ಸಾಲಿನ ವಿಷಯವನ್ನು ತನಿಖೆಯವರು ಬಿಡಿಸಿ ಬರೆದಿದ್ದಾರೆ.

ಹಾಗಾಗಿ 'ಪೆಂಡಿಂಗ್' ಅಂತ ಮಾತ್ರ ಬರೆದು ಬಿಡಬೇಡಿ. ಪ್ರತಿ ಬಾಕಿ ಕೆಲಸಕ್ಕೂ ಈಗ ಯಾವ ಸ್ಥಿತಿಯಲ್ಲಿ ನಿಂತಿದೆ, ಮುಂದಿನವರು ಎಲ್ಲಿಂದ ಶುರು ಮಾಡಬೇಕು, ಅಲ್ಲಿಯವರೆಗೆ ಏನು ಮಾಡಬಾರದು ಅನ್ನುವುದು ಇರಲಿ. ಅಪಾಯ ಬರೆಯುವಾಗ ಇನ್ನೊಂದು ಬೇಕು: ಅದು ಕೈಮೀರುತ್ತಿದೆ ಅಂತ ಯಾವ ಗುರುತಿನಿಂದ ತಿಳಿಯುತ್ತದೆ, ತಿಳಿದಾಗ ಮೊದಲು ಮಾಡುವುದೇನು.

ನಾನಾದರೆ ಹೀಗೆ ಬರೆಯುತ್ತಿದ್ದೆ. ಅಂಕಿಗಳು ಉದಾಹರಣೆಗೆ ಹಾಕಿದವು, ನಿಮ್ಮದನ್ನು ಹಾಕಿಕೊಳ್ಳಿ.

> ನಮಸ್ಕಾರ ಸರ್. ಬೆಳಿಗ್ಗೆ 5:15ರ ಸ್ಥಿತಿ.
>
> ಸೈಲೊ 3ಕ್ಕೆ ಹಾಲು ಇಳಿಸಬೇಡಿ. ಸಿಐಪಿ ಅರ್ಧ ಆಗಿದೆ. ಕಾಸ್ಟಿಕ್ ಸುತ್ತುವಾಗ 2:40ಕ್ಕೆ ರಿಟರ್ನ್ ಪಂಪಿನ ಸೀಲ್ ಸೋರಿತು, ಡ್ರೈನ್ ಮಾಡಿ ನಿಲ್ಲಿಸಿದ್ದೇವೆ. ಆ್ಯಸಿಡ್ ಮತ್ತು ಕೊನೆಯ ನೀರು ಆಗಿಲ್ಲ. ಕೆಂಪು ಟ್ಯಾಗ್ ಹಾಕಿದೆ, ಇನ್‌ಲೆಟ್ ಪೈಪ್ ಬಿಚ್ಚಿ ಇಟ್ಟಿದೆ. ಸೀಲ್ ಹಾಕಿದ ಮೇಲೆ ನಿಂತಲ್ಲಿಂದ ಮುಂದುವರಿಸಬೇಡಿ, ಒಳಗೆ ಕಾಸ್ಟಿಕ್ ಒಣಗಿರುತ್ತದೆ. ಮೊದಲ ನೀರಿನಿಂದಲೇ ಶುರು ಮಾಡಿ. ಕೊನೆಯ ನೀರಿಗೆ ಫಿನಾಲ್ಫ್ಥಲೀನ್ ಹಾಕಿ, ಗುಲಾಬಿ ಬಣ್ಣ ಬಂದರೆ ಇನ್ನೂ ತೊಳೆಯಬೇಕು. 6:30ರ ಟ್ಯಾಂಕರಿನ 10,000 ಲೀಟರ್ ಸೈಲೊ 2ರಲ್ಲಿ ಹಿಡಿಸುತ್ತದೆ.
>
> ಅಮೋನಿಯಾ: 1ನೇ ಕಂಪ್ರೆಸರ್‌ನ ಡಿಸ್ಚಾರ್ಜ್ ವಾಲ್ವ್ ಗ್ಲ್ಯಾಂಡ್ ಹತ್ತಿರ 1 ಗಂಟೆಗೆ ವಾಸನೆ ಬಂತು. ಒದ್ದೆ ಲಿಟ್ಮಸ್ ನೀಲಿಯಾಯಿತು. ರೆಫ್ರಿಜರೇಷನ್ ಆಪರೇಟರ್ ಕಂಪ್ರೆಸರ್ ನಿಲ್ಲಿಸಿ ಗ್ಲ್ಯಾಂಡ್ ಬಿಗಿ ಮಾಡಿದ್ದಾರೆ. ಸೋರಿಕೆ ಕಡಿಮೆಯಾಗಿದೆ, ನಿಂತಿಲ್ಲ. ಈಗ 2ನೇ ಕಂಪ್ರೆಸರ್ ಮಾತ್ರ ಓಡುತ್ತಿದೆ. ಪ್ಯಾಕಿಂಗ್ ಬದಲಾಯಿಸುವವರೆಗೆ 1ನೇದನ್ನು ಚಾಲೂ ಮಾಡಬೇಡಿ. ರೂಮಿನ ಬಾಗಿಲ ಹೊರಗೂ ವಾಸನೆ ಬಂದರೆ ಎಲ್ಲರನ್ನೂ ಗಾಳಿ ಬೀಸಿ ಬರುವ ದಿಕ್ಕಿಗೆ ಕಳಿಸಿ, ರೆಫ್ರಿಜರೇಷನ್ ಇನ್‌ಚಾರ್ಜ್‌ಗೆ ಫೋನ್ ಮಾಡಿ. ಬಟ್ಟೆ ಕಟ್ಟಿಕೊಂಡು ಯಾರೂ ಒಳಗೆ ಹೋಗುವುದು ಬೇಡ.
>
> ಸೈಲೊ 1, ಹಸಿ ಹಾಲು 28,000 ಲೀಟರ್: ಉಷ್ಣತೆ 11ಕ್ಕೆ 4.2, 2ಕ್ಕೆ 4.8, 5ಕ್ಕೆ 5.6 ಡಿಗ್ರಿ. ಒಂದೇ ಕಂಪ್ರೆಸರ್ ಇರುವುದರಿಂದ ತಣ್ಣೀರು ಸಾಲುತ್ತಿಲ್ಲ. ಹೀಗೇ ಹೋದರೆ 8 ಗಂಟೆಗೆ ಆರೂವರೆ ಆಸುಪಾಸು ಇರುತ್ತದೆ. ಪಾಶ್ಚರೈಸರ್‌ಗೆ ಮೊದಲು ಈ ಹಾಲನ್ನೇ ತೆಗೆದುಕೊಳ್ಳಿ. ಗಂಟೆಗೆ 10,000 ಲೀಟರ್ ಲೆಕ್ಕದಲ್ಲಿ ಮೂರು ಗಂಟೆ ಬೇಕು. ಶುರು ಮಾಡುವ ಮುಂಚೆ ಅಸಿಡಿಟಿ ಮತ್ತೊಮ್ಮೆ ನೋಡಿಸಿ.

ಇದರಲ್ಲಿ ಸೈಲೊ 1ರ ಪ್ಯಾರಾ ಅಮೋನಿಯಾದ ಪ್ಯಾರಾದಿಂದ ಹುಟ್ಟಿದೆ, ಗಮನಿಸಿ. ಗ್ಲ್ಯಾಂಡ್ ಸೋರಿಕೆಯನ್ನು ಮೇಂಟೆನೆನ್ಸ್ ಕಡೆಯವರಿಗೆ, ಹಾಲಿನ ಉಷ್ಣತೆಯನ್ನು ಪ್ರೊಡಕ್ಷನ್ ಕಡೆಯವರಿಗೆ ಬೇರೆ ಬೇರೆಯಾಗಿ ಹೇಳಿದ್ದರೆ ಎರಡೂ ಸಣ್ಣ ವಿಷಯ ಅನ್ನಿಸುತ್ತಿತ್ತು. ರಾತ್ರಿಯಿಡೀ ಎರಡನ್ನೂ ನೋಡಿದವರು ನೀವು. ಆ ಸಂಬಂಧವನ್ನು ನೀವೇ ಬರೆಯಬೇಕು, ಬೆಳಿಗ್ಗೆ ಬಂದವರು ಊಹಿಸಲಿ ಅಂತ ಬಿಡಬೇಡಿ. ಉಷ್ಣತೆಯನ್ನೂ ಮೂರು ಹೊತ್ತಿನದು ಕೊಡಿ. 5.6 ಅಂತ ಒಂದೇ ಅಂಕಿ ಕೊಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲ.

ಪಾಶ್ಚರೈಸರ್‌ನ ಎಫ್‌ಡಿವಿಯನ್ನು, ಅಂದರೆ ಕಾಯದ ಹಾಲನ್ನು ವಾಪಸ್ ಕಳಿಸುವ ವಾಲ್ವನ್ನು, ಯಾರಾದರೂ ತಾತ್ಕಾಲಿಕ ಅಂತ ಬೈಪಾಸ್ ಮಾಡಿದ್ದರೆ ಅದನ್ನು ಮೆಸೇಜ್‌ನಲ್ಲಿ ಬರೆದು ಹೊರಡುವುದು ನನಗೆ ಒಪ್ಪಿಗೆಯಿಲ್ಲ. 72 ಡಿಗ್ರಿ, 15 ಸೆಕೆಂಡ್ ಆಗದ ಹಾಲು ಪ್ಯಾಕೆಟ್‌ಗೆ ಹೋಗದಂತೆ ತಡೆಯುವುದು ಅದೇ. ಬೈಪಾಸ್ ತೆಗೆಸಿ, ಇಲ್ಲವೇ ಪಾಶ್ಚರೈಸರ್ ನಿಲ್ಲಿಸಿ, ಆಮೇಲೆ ಬರೆಯಿರಿ.

ಕೊನೆಯ ರಾತ್ರಿ ಆದ್ದರಿಂದ ಇನ್ನೊಂದು ಕೆಲಸವಿದೆ. ಬಾಯಿಮಾತಿನಲ್ಲಿ ನಡೆಯುತ್ತಿದ್ದ ಒಪ್ಪಂದಗಳನ್ನು ನೆನಪು ಮಾಡಿಕೊಳ್ಳಿ. ಗ್ಲ್ಯಾಂಡ್ ಪ್ಯಾಕಿಂಗ್ ಗುರುವಾರ ಕೊಡುತ್ತೇನೆ ಅಂತ ಸ್ಟೋರ್‌ನವರು ನಿಮಗೆ ಹೇಳಿದ್ದರೆ, ಇಂಡೆಂಟ್ ಹಾಕಿಲ್ಲದಿದ್ದರೆ, ನೀವು ಹೋದ ಮೇಲೆ ಆ ಮಾತಿಗೆ ಯಾರೂ ವಾರಸುದಾರರಿಲ್ಲ. ಹೊರಡುವ ಮುಂಚೆ ಇಂಡೆಂಟ್ ಹಾಕಿ ಅದರ ನಂಬರ್ ಬರೆಯಿರಿ. ಕೀ ಯಾರ ಹತ್ತಿರ ಇದೆ, ನಿಮ್ಮ ಹೆಸರಿನ ಬೀಗ ಯಾವ ಮೆಷಿನ್ ಮೇಲಿದೆ, ನೋಡಿಕೊಳ್ಳಿ. ನಿಮ್ಮ ಲಾಕ್ಔಟ್ ಬೀಗ ಹಾಗೇ ಉಳಿದರೆ ನಾಳೆ ಅದನ್ನು ಕಟ್ ಮಾಡಬೇಕಾಗುತ್ತದೆ. ಕೆಲಸ ಮುಗಿದಿಲ್ಲದಿದ್ದರೆ ಬೆಳಗಿನವರ ಬೀಗ ಹಾಕಿಸಿ, ನಂತರ ನಿಮ್ಮದು ತೆಗೆಯಿರಿ.

ಯಾರು ಲೇಟಾಗಿ ಬರುತ್ತಾರೆ, ಯಾರ ತಪ್ಪಿನಿಂದ ಸೀಲ್ ಹೋಯಿತು, ಇವೆಲ್ಲ ಇದರಲ್ಲಿ ಬೇಡ. ಓದುವವರ ಗಮನ ಅತ್ತ ಹೋದರೆ ಸೈಲೊ 3ರ ಸಾಲು ಹಿಂದೆ ಬೀಳುತ್ತದೆ.

ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕಿ ಸುಮ್ಮನಾಗಬೇಡಿ. ಬೆಳಿಗ್ಗೆ ಅಷ್ಟು ಹೊತ್ತಿಗೆ ಶುಭೋದಯದ ಚಿತ್ರಗಳ ಕೆಳಗೆ ಅದು ಹೋಗಿರುತ್ತದೆ. ಅದೇ ಮಾತನ್ನು ಲಾಗ್‌ಬುಕ್‌ನಲ್ಲಿ ಬರೆದು ಬೆಳಗಿನವರ ಸಹಿ ತೆಗೆದುಕೊಳ್ಳಿ. ಅವರನ್ನು ಕರೆದುಕೊಂಡು ಸೈಲೊ 3, ಅಮೋನಿಯಾ ರೂಮಿನ ಬಾಗಿಲು, ಸೈಲೊ 1ರ ಥರ್ಮಾಮೀಟರ್, ಮೂರೂ ಕಡೆ ಹೋಗಿ ಬನ್ನಿ. ಕೊನೆಗೆ "ಟ್ಯಾಂಕರ್ ಬಂದರೆ ಎಲ್ಲಿಗೆ ಇಳಿಸುತ್ತೀರಿ ಸರ್?" ಅಂತ ಕೇಳಿ. ಸೈಲೊ 2 ಅಂತ ಅವರ ಬಾಯಿಂದಲೇ ಬರಲಿ. ಬೇರೆ ಉತ್ತರ ಬಂದರೆ ಇನ್ನೊಂದು ಸಲ ಹೇಳಿ ಹೊರಡಿ.