ಮೊಣಕಾಲಿನ ಆರ್ಥ್ರೋಸ್ಕೋಪಿ ಆದ ಮೇಲೆ ಮೀನಖಂಡ ನೋವು

"ದಾವಣಗೆರೆಯಲ್ಲಿ ಅಪ್ಪನಿಗೆ ಆರ್ಥ್ರೋಸ್ಕೋಪಿ ಮಾಡಿಸಿ ಚಳ್ಳಕೆರೆಗೆ ಕರ್ಕೊಂಡು ಬಂದ್ವಿ. ಮಂಡಿ ಊದಿದೆ, ಈಗ ಮೀನಖಂಡವೂ ನೋಯ್ತಿದೆ. ಕಾಯಬಹುದಾ?"

ಮಂಡಿಯ ಊತಕ್ಕೆ ಕಾಯಬಹುದು, ಮೀನಖಂಡದ ನೋವಿಗೆ ಬೇಡ. ಆರ್ಥ್ರೋಸ್ಕೋಪಿ ಅಂದರೆ ಸಣ್ಣ ರಂಧ್ರದಿಂದ ಮಂಡಿಯೊಳಗೆ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್; ಅದರಲ್ಲಿ ಬಿಟ್ಟ ಸಲೈನ್, ಸ್ವಲ್ಪ ರಕ್ತ ಒಳಗೆ ಉಳಿದು ಮಂಡಿ ಊದುವುದು ಸಹಜ. ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟು, ಬಟ್ಟೆ ಸುತ್ತಿದ ಐಸನ್ನು 15-20 ನಿಮಿಷ ಇಡಿ. ಊತ ನಿಧಾನವಾಗಿ ಇಳಿಯಬೇಕು.

ಆದರೆ ಅದೇ ಕಾಲಿನ ಮೀನಖಂಡ ಬಿಗಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಇವತ್ತೇ ಡಾಕ್ಟರಿಗೆ ತೋರಿಸಿ, ಅವರು ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಜ್ವರ, ಗಾಯದಲ್ಲಿ ಕೀವು, ಅಥವಾ ಮಂಡಿ ಕೆಂಪಾಗಿ ಬಿಸಿಯಾಗಿ ನೋವು ಜಾಸ್ತಿಯಾಗುತ್ತಾ ಹೋದರೆ ಸೋಂಕಿನ ಅನುಮಾನ. ಅದಕ್ಕೂ ಅದೇ ದಿನ ಆಪರೇಷನ್ ಮಾಡಿದ ಡಾಕ್ಟರನ್ನೇ ಕಾಣಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಸುಮ್ನೆ ಕೊಡಬೇಡಿ.