‘ಪರವಾಗಿಲ್ಲ ಸರ್’ ಎಂದು ಬರೆದದ್ದು ಯಾರು?

ಕಾಸರಗೋಡಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಈಗೀಗ ಒಂದು ಬಗೆಯ ದೂರು ಜಾಸ್ತಿ ಬರುತ್ತಿದೆ. ಮನೆಯಲ್ಲೇ ಕುಳಿತು ದೂರದ ಊರಿನವರಿಗೆ ಕೆಲಸ ಮಾಡಿಕೊಡುವ ಹುಡುಗ ಹುಡುಗಿಯರದು. ನಿದ್ದೆ ಇಲ್ಲ, ಫೋನ್ ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತದೆ, ಮನೆಯವರ ಮೇಲೆ ರೇಗುತ್ತಾರೆ. ಕೆದಕಿದರೆ ಅಡಿಯಲ್ಲಿ ಸಿಗುವುದು ಒಂದು ವಾಟ್ಸಾಪ್ ಚಾಟ್.

ಈ ಹುಡುಗನೂ ಹಾಗೇ ಬಂದವರು. ವಯಸ್ಸು ಮೂವತ್ತರ ಒಳಗೆ. ಊರು ಬದಿಯಡ್ಕದ ಕಡೆ, ಮನೆಯಲ್ಲಿ ಅಡಿಕೆ ತೋಟ. ಗುರುತು ಸಿಗದಂತೆ ಉಳಿದದ್ದನ್ನು ಬದಲಿಸಿದ್ದೇನೆ. ಕೆಲಸ ಡಿಸೈನ್. ಬೆಂಗಳೂರಿನ ಒಬ್ಬ ಎಣ್ಣೆ ವ್ಯಾಪಾರಿಗೆ ಬಾಟಲಿಯ ಲೇಬಲ್ ಮಾಡಿಕೊಡುತ್ತಿದ್ದರು. ಮೊದಲ ದಿನ ಇವರೇ ಬರೆದ ಮೆಸೇಜ್ ಸ್ಪಷ್ಟವಾಗಿತ್ತು. ಆರು ಲೇಬಲ್, ಎರಡು ಸಲ ತಿದ್ದುಪಡಿ, 18,000 ರೂಪಾಯಿ, ಅರ್ಧ ಮುಂಗಡ. ಆ ಕಡೆಯಿಂದ ‘ಓಕೆ’ ಬಂದಿತ್ತು, 9,000 ಕೂಡ ಬಂದಿತ್ತು. ನನ್ನ ಬಳಿ ಬರುವಾಗ 74 ದಿನ ಕಳೆದಿತ್ತು. ಕೆಲಸ ಮುಗಿದಿರಲಿಲ್ಲ.

‘ಅವರು ನನ್ನನ್ನು ಹಿಂಡಿಬಿಟ್ಟರು ಮೇಡಂ’ ಎಂದರು. ಉಳಿದ ಹಣವನ್ನೂ ಬಿಟ್ಟು ನಂಬರ್ ಬ್ಲಾಕ್ ಮಾಡುವ ಯೋಚನೆಯಲ್ಲಿದ್ದರು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಇಂಥದ್ದೇ ಪ್ರಕರಣದಲ್ಲಿ ಹಿಂದೆ ಒಬ್ಬ ಹುಡುಗಿಗೆ ‘ಇಲ್ಲ ಎನ್ನಲು ಕಲಿಯಿರಿ’ ಎಂದಿದ್ದೆ. ಆಕೆ ಕಲಿತಳು. ಮರುದಿನವೇ ‘ಇನ್ನು ಆಗುವುದಿಲ್ಲ’ ಎಂದು ಬರೆದಳು. ಕೆಲಸವೂ ಹೋಯಿತು, ಬಾಕಿಯೂ ಹೋಯಿತು. ಆಕೆಯ ಮುಖ ನೆನಪಾಗಿ ಈ ಸಲ ಬೇರೆ ದಾರಿ ಹಿಡಿದೆ, ಮೊದಲು ಹಣದ, ಗಂಟೆಯ ಲೆಕ್ಕ ನೋಡೋಣ ಎಂದುಕೊಂಡೆ. ಹಣದ ಲೆಕ್ಕ ನೋಡುವುದು ನಮ್ಮ ಕೆಲಸ ಅಲ್ಲ, ಇಲ್ಲ ಎನ್ನಲಾಗದ ಸ್ವಭಾವಕ್ಕೆ ಮದ್ದು ಮಾಡಬೇಕು ಎಂದು ನನ್ನ ಜೊತೆಯವರೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಸಿಟ್ಟು ಎಷ್ಟು ರೂಪಾಯಿಯದು ಎಂದು ಗೊತ್ತಿಲ್ಲದವನಿಗೆ ಸ್ವಭಾವದ ಪಾಠ ಹೇಳಿ ಏನು ಉಪಯೋಗ?

ಚಾಟ್ ಪೂರ್ತಿ ಪ್ರಿಂಟ್ ಮಾಡಿ ತನ್ನಿ ಎಂದೆ. ವಾಟ್ಸಾಪ್‌ನಲ್ಲಿ Export chat ಎಂದು ಇದೆ. ಫೋಟೋ, ಆಡಿಯೋ ಬಿಟ್ಟು ತೆಗೆದರೆ ದಿನಾಂಕ, ಗಂಟೆ ಸಮೇತ ಎಲ್ಲ ಮೆಸೇಜೂ ಒಂದೇ ಟೆಕ್ಸ್ಟ್ ಫೈಲಿನಲ್ಲಿ ಬರುತ್ತದೆ. ಆ ವ್ಯಾಪಾರಿಯ ಹೆಸರು, ನಂಬರ್ ಅಳಿಸಿ ತನ್ನಿ ಎಂದೂ ಹೇಳಿದೆ. ನನಗೆ ಅದು ಬೇಡ.

ಇದರಲ್ಲಿ ಒಂದು ತೂತು ಉಂಟು. ವಾಯ್ಸ್ ಮೆಸೇಜ್ ಇದ್ದ ಜಾಗದಲ್ಲಿ <Media omitted> ಎಂದಷ್ಟೇ ಇರುತ್ತದೆ. ಇವರ ಚಾಟ್‌ನಲ್ಲಿ ಅಂಥವು ಹದಿನಾರು ಕಡೆ ಇದ್ದವು. ಹೆಚ್ಚುವರಿ ಕೆಲಸ ನುಸುಳುವುದೇ ಅಲ್ಲಿಂದ. ಹಾಗಾಗಿ ಹದಿನಾರನ್ನೂ ಕೇಳಿ ಕೈಯಲ್ಲಿ ಬರೆದು ತರಬೇಕಾಯಿತು. ಫೋನಿನಲ್ಲಿ ಮಾತಾಡಿದ್ದಕ್ಕೆ ಅದೂ ಇಲ್ಲ, ಹೋದದ್ದು ಹೋಯಿತು. ಎಷ್ಟು ಗಂಟೆ ಕೆಲಸ ಆಯಿತು ಎಂಬುದೂ ಚಾಟ್‌ನಲ್ಲಿ ಇರುವುದಿಲ್ಲ. ಅದಕ್ಕೆ ಕಂಪ್ಯೂಟರ್‌ನಲ್ಲಿ ಪ್ರತಿ ಫೈಲ್ ಸೇವ್ ಆದ ದಿನ, ಹೊತ್ತು ನೋಡಿ ಅಂದಾಜು ಮಾಡಿದರು. ಸಿಟ್ಟಿನಲ್ಲಿರುವವರ ನೆನಪಿಗೆ ಗಂಟೆಗಳು ಉದ್ದವಾಗಿಯೇ ಕಾಣುತ್ತವೆ. ‘ಎರಡರಷ್ಟು ಕೆಲಸ ಮಾಡಿಸಿದ್ದಾರೆ’ ಎಂದಿದ್ದರು. ಲೆಕ್ಕ ಹಾಕಿದಾಗ ಲೇಬಲ್ಲಿಗೆ 32 ಗಂಟೆ, ಹೊರಗಿನ ಕೆಲಸಕ್ಕೆ 22 ಗಂಟೆ ಬಂತು.

ಮುಂದಿನ ಭೇಟಿ ಒಂದೂವರೆ ಗಂಟೆ ನಡೆಯಿತು. ಮೂರು ಬಣ್ಣದ ಪೆನ್ನು ಕೊಟ್ಟೆ. ಮೊದಲ ದಿನ ಒಪ್ಪಿದ್ದರ ಒಳಗಿದ್ದ ಬೇಡಿಕೆಗೆ ಹಸಿರು, ಹೊರಗಿದ್ದದ್ದಕ್ಕೆ ಕೆಂಪು, ಗೊತ್ತಾಗದ್ದಕ್ಕೆ ನೀಲಿ.

ಹೆಚ್ಚು ಹೊತ್ತು ತಿಂದದ್ದು ನೀಲಿ. ಒಂದು ಕಡೆ ಒತ್ತಕ್ಷರ ತಪ್ಪಿತ್ತು, ಆ ಕಡೆಯವರು ಸರಿಮಾಡಿ ಎಂದಿದ್ದರು. ಇವರು ಕೆಂಪು ಹಾಕಲು ಹೊರಟರು. ‘ತಪ್ಪು ಯಾರದು?’ ಎಂದೆ. ‘ನನ್ನದೇ’ ಎಂದರು. ನಮ್ಮ ತಪ್ಪು ತಿದ್ದುವುದು ತಿದ್ದುಪಡಿಯ ಲೆಕ್ಕಕ್ಕೇ ಬರುವುದಿಲ್ಲ, ಅದು ಹಸಿರು. ಇನ್ನೊಂದು ಕಡೆ ಎಣ್ಣೆಯಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಆತ ಒಪ್ಪಿಗೆ ಕೊಟ್ಟ ಮೇಲೆ ಬದಲಿಸಿದ್ದ. ಅದು ನಿಜವಾದ ತಿದ್ದುಪಡಿ, ಎರಡರಲ್ಲಿ ಒಂದು ಎಂದು ಎಣಿಸಬೇಕು. ಆದರೆ ಎಣಿಸುವುದು ಹೇಗೆ? ಆತ ಮೂರು ದಿನದಲ್ಲಿ ಒಂಬತ್ತು ಮೆಸೇಜ್ ಹಾಕಿದ್ದ. ಅದು ಒಂದು ಸಲವೋ, ಒಂಬತ್ತು ಸಲವೋ? ‘ಎರಡು ಸಲ’ ಎಂದು ಬರೆದವರು ಸಲ ಅಂದರೆ ಏನು ಎಂದು ಬರೆದಿರಲಿಲ್ಲ. ಬದಲಾವಣೆಗಳನ್ನೆಲ್ಲ ಒಟ್ಟಿಗೆ ಕಳಿಸಿ, ಅದು ಒಂದು ಸಲ ಎಂದು ಮೊದಲೇ ಹೇಳಿದ್ದರೆ ಮಾತು ಬೇರೆ. ಹೇಳದೆ ಇದ್ದದ್ದಕ್ಕೆ ಈಗ ಹಣ ಕೇಳಿದರೆ ಜಗಳ ಮಾತ್ರ. ನೀಲಿಗಳನ್ನೆಲ್ಲ ಬಿಟ್ಟುಬಿಡಿ ಎಂದೆ. ಅವರಿಗೆ ಇಷ್ಟವಾಗಲಿಲ್ಲ.

ಕೆಂಪು ಕೊನೆಗೆ ನಾಲ್ಕು ಗುಂಪಾಯಿತು. ಆರು ಲೇಬಲ್ಲಿನ ಬರಹವನ್ನು ಮಲಯಾಳಂಗೆ ತಂದದ್ದು, 7 ಗಂಟೆ. ಎಂಟು ಇನ್‌ಸ್ಟಾಗ್ರಾಂ ಪೋಸ್ಟ್, 8 ಗಂಟೆ. ಒಂದು ಕ್ಯಾಟಲಾಗ್, 4 ಗಂಟೆ. ಸಣ್ಣ ಬಾಟಲಿಗೆ ಅಳತೆ ಇಳಿಸಿದ್ದು, 3 ಗಂಟೆ.

ಈ ಕೆಂಪು ಬೇಡಿಕೆಗಳು ಯಾವ ಮಾತಿನಿಂದ ಶುರುವಾಗಿದ್ದವು ನೋಡಿ. ‘ಹೇಗೂ ಫೈಲ್ ಓಪನ್ ಇದೆಯಲ್ಲ.’ ‘ಸುಮ್ನೆ ಐದು ನಿಮಿಷದ ಕೆಲಸ.’ ‘ಮುಂದಿನ ಆರ್ಡರ್‌ನಲ್ಲಿ ನೋಡಿಕೊಳ್ಳೋಣ.’ ಮಲಯಾಳಂ ಕೆಲಸದ ಹಿಂದಿನ ಮಾತು ನನಗೆ ಸ್ವಲ್ಪ ಚುಚ್ಚಿತು. ‘ಕೇರಳದಲ್ಲಿದ್ದೂ ಎಷ್ಟು ಒಳ್ಳೆ ಕನ್ನಡ ಬರೀತೀರಿ! ನಿಮಗೆ ಮಲಯಾಳಂ ಹೇಗೂ ಬರುತ್ತಲ್ವಾ?’ ಗಡಿನಾಡಿನವರಿಗೆ ಇದು ಎಷ್ಟು ಹಿತ ಎಂದು ನನಗೆ ಗೊತ್ತು. 1956ರಲ್ಲಿ ಗೆರೆಯ ಈಚೆ ಉಳಿದವರ ಮಕ್ಕಳು ನಾವು. ಆ ಕಡೆಯವರು ‘ನಮ್ಮವರು’ ಎಂದರೆ ಕರಗಿಬಿಡುತ್ತೇವೆ. ಹೊಗಳಿಕೆಯ ಮರುಸಾಲಿನಲ್ಲೇ ಏಳು ಗಂಟೆಯ ಕೆಲಸ ಇತ್ತು. ಎರಡು ಭಾಷೆ ಬರುವುದು ಇವರ ಕಸುಬಿನ ಬಂಡವಾಳ, ಅಂಗಡಿಯ ಕೊಸರು ಅಲ್ಲ.

‘ನಿಮ್ಮ ತೋಟಕ್ಕೆ ಮದ್ದು ಬಿಡಲು ಬಂದವರಿಗೆ ನಿಮ್ಮ ಅಪ್ಪ, ಹೇಗೂ ಮರ ಹತ್ತಲು ಬಂದಿದ್ದೀರಲ್ಲ, ತೆಂಗಿನಕಾಯಿಯೂ ಕೊಯ್ದು ಹೋಗಿ ಅಂತ ಸುಮ್ನೆ ಹೇಳುತ್ತಾರಾ?’ ಎಂದೆ.

‘ಅದಕ್ಕೆ ಬೇರೆ ಸಂಬಳ ಮೇಡಂ’ ಎಂದು ನಕ್ಕರು. ಮೊದಲ ಸಲ ನಕ್ಕದ್ದು.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹತ್ತೊಂಬತ್ತನೇ ದಿನದ ಪುಟ ಬಂತು. ರಾತ್ರಿ 10:42. ಇನ್‌ಸ್ಟಾಗ್ರಾಂ ಪೋಸ್ಟ್ ಕೇಳಿದ ಮೇಲೆ ಆತನದೇ ಮೆಸೇಜ್: ‘ಇದಕ್ಕೆ ಬೇರೆ ಎಷ್ಟಾಗುತ್ತೆ ಹೇಳಿ.’ ಅದೇ ನಿಮಿಷದಲ್ಲಿ ಇವರ ಉತ್ತರ: ‘ಅಯ್ಯೋ ಪರವಾಗಿಲ್ಲ ಸರ್, ಸುಮ್ನೆ ಮಾಡಿಕೊಡ್ತೇನೆ.’

ಇವರು ಪೆನ್ನು ಕೆಳಗಿಟ್ಟರು. ‘ಇದು ನನಗೆ ನೆನಪೇ ಇರಲಿಲ್ಲ’ ಎಂದರು. ನಂತರ ನಿಧಾನವಾಗಿ, ‘ಅವರು ಕೇಳಿದ್ದರು’ ಎಂದರು.

ಎರಡು ತಿಂಗಳ ಸಿಟ್ಟಿನಲ್ಲಿ ಆ ಮನುಷ್ಯ ರಾಕ್ಷಸನಾಗಿದ್ದ. ಕಾಗದದ ಮೇಲೆ ಬರೀ ಒಬ್ಬ ವ್ಯಾಪಾರಿಯಾದ. ಒಮ್ಮೆ ಬೆಲೆ ಕೇಳಿದ, ಬೇಡ ಎಂದರು. ಮುಂದೆ ಕೇಳಲಿಲ್ಲ. ಹತ್ತೊಂಬತ್ತನೇ ದಿನದವರೆಗೆ ಕೆಂಪು ಗೆರೆ ಬರೀ ಎರಡು, ಆಮೇಲೆ ಒಂಬತ್ತು. ಹುಡುಗ ಇದನ್ನು ನೋಡಿ ತನ್ನನ್ನೇ ಬೈದುಕೊಳ್ಳಲು ಶುರುಮಾಡಿದರು. ಅದನ್ನೂ ತಡೆದೆ. ಕೆಲಸ ಕೈತಪ್ಪುವ ಹೆದರಿಕೆ ನಿಜವಾದದ್ದು, ಆ ರಾತ್ರಿ ಇವರ ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಆದರೆ ಸಿಟ್ಟಿನ ಒಂದು ಪಾಲು ಆತನದಲ್ಲ ಎಂದು ಗೊತ್ತಾದದ್ದರಿಂದಲೇ ಮುಂದಿನ ಮಾತು ಸಾಧ್ಯವಾಯಿತು.

ಒಪ್ಪಿಕೊಂಡಾಗ 30 ಗಂಟೆಯ ಕೆಲಸ ಎಂದು ಅಂದಾಜು ಮಾಡಿದ್ದರು, ಗಂಟೆಗೆ 600. ನಿಜವಾಗಿ ಆದದ್ದು 54 ಗಂಟೆ, ಹಾಗಾದರೆ ಗಂಟೆಗೆ 333. ಹೊರಗಿನ 22 ಗಂಟೆಗೆ 13,200 ಕೇಳಬೇಕು ಎಂದರು. ನಾನು ಒಪ್ಪಲಿಲ್ಲ. ಪೋಸ್ಟ್‌ಗಳ 8 ಗಂಟೆಯನ್ನು ಇವರೇ ಬರೆದುಕೊಟ್ಟು ಉಚಿತ ಮಾಡಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಇಂಥವರ ನೆರವಿಗೆ ಇದೆ. ಪುಕ್ಕಟೆ ಮಾಡಿಕೊಡುವ ಉದ್ದೇಶ ಇಲ್ಲದೆ ಒಬ್ಬರಿಗೆ ನ್ಯಾಯವಾಗಿ ಏನಾದರೂ ಮಾಡಿಕೊಟ್ಟು, ಅದರ ಲಾಭ ಅವರು ಪಡೆದರೆ, ಅವರು ಪರಿಹಾರ ಕೊಡಬೇಕು ಎನ್ನುತ್ತದೆ. ‘ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ’ ಎಂಬ ಮಾತಿಗೆ ‘ಸುಮ್ನೆ ಮಾಡಿಕೊಡ್ತೇನೆ’ ನೇರ ಅಡ್ಡ ಬರುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಆದರೆ ಎಲ್ಲಿ ಗಟ್ಟಿ ನಿಲ್ಲಬಹುದು ಎಂದು ತಿಳಿದಿರಬೇಕು. ಉಳಿದ 14 ಗಂಟೆಗೆ 8,400. ಅಷ್ಟೇ ಕೇಳಿ ಎಂದೆ. ಪೋಸ್ಟ್‌ಗಳನ್ನು ಬಿಲ್ಲಿನಿಂದ ಬಿಡಬೇಡಿ, ‘ಎಂಟು ಪೋಸ್ಟ್, ಮಾತಿನಂತೆ ಉಚಿತ, 0’ ಎಂದು ಬರೆಯಿರಿ. ಕೊಟ್ಟದ್ದು ಕಾಣಲಿ.

ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿದೆ. ಬಾಕಿ 9,000ವನ್ನೂ ಈ 8,400ನ್ನೂ ಒಂದೇ ಬಿಲ್ಲಿಗೆ ಹಾಕಬೇಡಿ. ಮೊದಲನೆಯದರಲ್ಲಿ ತಕರಾರು ಇಲ್ಲ. ಎರಡನ್ನೂ ಸೇರಿಸಿದರೆ ತಕರಾರಿನ ಹಣಕ್ಕೆ ತಕರಾರಿಲ್ಲದ ಹಣವೂ ಸಿಕ್ಕಿಬೀಳುತ್ತದೆ.

ಮುಂದೆ ಬರುವ ಬೇಡಿಕೆಗೆ ಏನು ಬರೆಯಬೇಕು ಎಂದು ಇಬ್ಬರೂ ಕೂತು ತಯಾರು ಮಾಡಿದೆವು. ‘ಸರ್, ಇದು ಮಾಡಿಕೊಡಬಹುದು. ಆರು ಲೇಬಲ್ಲಿನ ಲೆಕ್ಕದಲ್ಲಿ ಇದು ಇಲ್ಲ. 3 ಗಂಟೆ ಕೆಲಸ, 1,800 ಆಗುತ್ತದೆ. ನೀವು ಸರಿ ಅಂದ ಮೇಲೆ ಶುರುಮಾಡುತ್ತೇನೆ.’ ಇದರಲ್ಲಿ ‘ಇಲ್ಲ’ ಎಂಬ ನಿರಾಕರಣೆ ಎಲ್ಲೂ ಇಲ್ಲ, ಗಮನಿಸಿ. ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇದೇ. ಫೋನ್ ಬಂದರೆ, ಇಟ್ಟ ಕೂಡಲೇ ‘ಈಗ ಮಾತಾಡಿದ್ದು ಇಷ್ಟು’ ಎಂದು ಎರಡು ಸಾಲು ಚಾಟ್‌ನಲ್ಲಿ ಹಾಕಬೇಕು. ರಾತ್ರಿ ಬಂದ ಬೇಡಿಕೆಗೆ ರಾತ್ರಿಯೇ ಉತ್ತರ ಕೊಡಬಾರದು. ಇವರ ಒಂಬತ್ತು ‘ಪರವಾಗಿಲ್ಲ’ಗಳಲ್ಲಿ ಏಳು ರಾತ್ರಿ ಹತ್ತರ ನಂತರದವು.

ಬಾಕಿ 9,000 ನಾಲ್ಕು ದಿನದಲ್ಲಿ ಬಂತು. ಎರಡನೇ ಬಿಲ್ಲಿಗೆ ಆತ ಮಲಯಾಳಂ ಕೆಲಸದ 4,200, ಅಳತೆ ಇಳಿಸಿದ್ದರ 1,800 ಕೊಟ್ಟ. ಕ್ಯಾಟಲಾಗಿನ 2,400 ಕೊಡಲಿಲ್ಲ. ‘ಅದು ಮುಂದಿನ ಆರ್ಡರ್‌ನಲ್ಲಿ ಅಂತ ಮಾತಾಗಿತ್ತಲ್ಲ’ ಎಂದ. ಚಾಟ್‌ನಲ್ಲಿ ಹಾಗೇ ಇತ್ತು, ಇವರು ಹೆಬ್ಬೆರಳು ತೋರಿಸಿ ಒಪ್ಪಿದ್ದರು.

ಆ 2,400 ಬಿಟ್ಟುಬಿಡಿ ಎಂದು ನನ್ನ ಸಲಹೆ. ಮುಂದಿನ ಆರ್ಡರಿನ ಮೊದಲ ಸಾಲಿನಲ್ಲೇ ಅದನ್ನು ಬಾಕಿ ಎಂದು ಹಾಕುತ್ತೇನೆ, ಕೊಟ್ಟರೆ ಮಾತ್ರ ಫೈಲ್ ತೆರೆಯುವುದು ಎಂದು ಅವರ ಹಟ. ಕಳೆದ ವಾರ ಬಂದಾಗಲೂ ಇದೇ ಮಾತು ನಡೆಯಿತು.