‘ಬಿಡುವಾದಾಗ ನೋಡಿ ಸರ್’

ಕೌನ್ಸೆಲಿಂಗಿಗೆಂದು ನನ್ನ ಹತ್ತಿರ ಬಂದ ಒಬ್ಬ ಯುವತಿಯನ್ನು ಇಲ್ಲಿ ಲತಾ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ. ಊರು, ಆಫೀಸು, ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ.

ಲತಾಗೆ 26 ವರ್ಷ. ಮನೆ, ಅಪಾರ್ಟ್‌ಮೆಂಟುಗಳಿಗೆ ಸ್ಟ್ರಕ್ಚರಲ್ ಡಿಸೈನ್ ಮಾಡುವ ಸಣ್ಣ ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸ. ನನ್ನ ಹತ್ತಿರ ಬಂದಾಗ ಹೇಳಿದ್ದು, ‘ಮೇಡಂ, ಒಬ್ಬ ಸೀನಿಯರ್ ನನ್ನ ಮೇಲೆ ಬೇಜಾರಾಗಿದ್ದಾರೆ. ಊಟದ ಹೊತ್ತಲ್ಲಿ ಅವರಿದ್ದರೆ ನಾನು ಆ ಕಡೆ ಹೋಗುವುದೇ ಇಲ್ಲ. ರಾತ್ರಿ ನಿದ್ದೆ ಸರಿ ಬರುತ್ತಿಲ್ಲ.’

ಅವರು ಬೈದಿದ್ದರಾ ಎಂದು ಕೇಳಿದೆ. ಇಲ್ಲ. ಮುಖ ತಿರುಗಿಸಿದ್ದರಾ? ಅದೂ ಇಲ್ಲ. ಆಗಿದ್ದು ಇಷ್ಟು. ಒಂದು ಮನೆಯ ಡ್ರಾಯಿಂಗನ್ನು ಒಮ್ಮೆ ನೋಡಿಕೊಡಿ ಎಂದು ಲತಾ ಅವರಿಗೆ ಮೆಸೇಜ್ ಹಾಕಿದ್ದಳು. ‘ನೋಡ್ತೀನಮ್ಮ’ ಎಂದು ಉತ್ತರ ಬಂತು. ಆಮೇಲೆ ಒಂಬತ್ತು ದಿನ ಸುದ್ದಿ ಇಲ್ಲ. ನಡುವೆ ಎರಡು ಸಲ ‘ಸರ್, ನೋಡಿದ್ರಾ?’ ಎಂದು ಕೇಳಿದ್ದಳು. ಎರಡನೆಯ ಸಲಕ್ಕೆ ಉತ್ತರವೇ ಬರಲಿಲ್ಲ. ನನ್ನ ಕೆಲಸ ಅಷ್ಟು ಕೆಟ್ಟದಾಗಿದೆ, ಹೇಳಲಾರದೆ ಸುಮ್ಮನಿದ್ದಾರೆ ಎಂದು ಆಕೆ ತೀರ್ಮಾನ ಮಾಡಿಕೊಂಡಿದ್ದಳು.

ಆ ಮೆಸೇಜನ್ನೇ ಓದು ಎಂದೆ. ‘ಸರ್, ಬಿಡುವಾದಾಗ ಒಂದ್ಸಲ ನೋಡ್ತೀರಾ ಪ್ಲೀಸ್? ಆಗದಿದ್ರೂ ಪರವಾಗಿಲ್ಲ.’ ಕೆಳಗೆ 14 ಹಾಳೆಯ ಪಿಡಿಎಫ್.

ಓದಿದರೆ ತುಂಬಾ ವಿನಯದ ಮಾತು, ಅಲ್ವಾ? ಮೊದಲು ನನಗೂ ಹಾಗೇ ಅನಿಸಿತು. ಆದರೆ ಆ ಸೀನಿಯರ್ ಕುರ್ಚಿಯಲ್ಲಿ ಕೂತು ಓದಿ ನೋಡಿ. 14 ಹಾಳೆಯಲ್ಲಿ ಏನು ನೋಡಬೇಕು ಎಂದು ಹೇಳಿಲ್ಲ. ಅಂದರೆ ಎಲ್ಲವನ್ನೂ ನೋಡಬೇಕು. ಅದಕ್ಕೆ ಅರ್ಧ ದಿನ ಬೇಕು. ‘ಬಿಡುವಾದಾಗ’ ಎಂದಿದೆ. ಬಿಡುವು ಈ ವಾರ ಇಲ್ಲದಿದ್ದರೆ ಮುಂದಿನ ವಾರ ಆಗಬಹುದಲ್ಲ, ಹಾಗಾಗಿ ‘ಆಗಲ್ಲ’ ಎನ್ನಲು ಕಾರಣವೇ ಸಿಗುವುದಿಲ್ಲ. ಇದು ವಾಯಿದೆ ಇಲ್ಲದ ಸಾಲದ ಹಾಗೆ. ದಿನ ಹೋದಷ್ಟೂ ಮನಸ್ಸಿನ ಮೇಲೆ ಭಾರ ಜಾಸ್ತಿ. ‘ಆಗದಿದ್ರೂ ಪರವಾಗಿಲ್ಲ’ ಎಂದೇನೋ ಇದೆ. ಆದರೆ ನಾಲ್ಕೇ ದಿನದಲ್ಲಿ ‘ನೋಡಿದ್ರಾ?’ ಎಂದು ಕೇಳಿದರೆ ಆ ‘ಪರವಾಗಿಲ್ಲ’ ಬರೀ ಮಾತು ಎಂದೇ ಅರ್ಥ.

ಇನ್ನೊಂದು, ನಮ್ಮ ಕಡೆ ಕಿರಿಯರು ಬಂದು ಕೇಳಿದಾಗ ನೇರವಾಗಿ ‘ಇಲ್ಲ’ ಎನ್ನುವವರು ಕಡಿಮೆ. ‘ನೋಡೋಣ’, ‘ನೋಡ್ತೀನಿ’, ‘ಆಯ್ತು ಇಟ್ಟಿರು’ ಎನ್ನುತ್ತೇವೆ. ಬಹಳ ಸಲ ಅದೇ ‘ಇಲ್ಲ’. ಹೇಳಿದವರಿಗೆ ಅದು ಗೊತ್ತು, ಕೇಳಿದವರಿಗೆ ಗೊತ್ತಾಗುವುದಿಲ್ಲ. 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬಾನ್ಸ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇದಕ್ಕೆ ಹತ್ತಿರದ ವಿಷಯವನ್ನು ಪರೀಕ್ಷಿಸಿ ಬರೆದರು. ಸಹಾಯ ಕೇಳುವವರು, ಎಷ್ಟು ಜನ ಒಪ್ಪಬಹುದು ಎಂದು ಮೊದಲು ಅಂದಾಜು ಮಾಡುತ್ತಿದ್ದರು. ನಿಜವಾಗಿ ಒಪ್ಪಿದವರು ಅದಕ್ಕಿಂತ ಬಹಳ ಹೆಚ್ಚು. ‘ಇಲ್ಲ’ ಎನ್ನುವುದು ಎದುರಿನವರಿಗೆ ಎಷ್ಟು ಮುಜುಗರ ಎಂಬುದು ಕೇಳುವವರಿಗೆ ಪೂರ್ತಿ ಹೊಳೆಯುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಲತಾ ವಿಷಯದಲ್ಲೂ ಹಾಗೇ ಆಗಿತ್ತು. ಸೀನಿಯರ್‌ಗೆ ಸಿಟ್ಟು ಬಂದಿದ್ದಕ್ಕೆ ಒಂದೂ ಗುರುತಿರಲಿಲ್ಲ. ‘ಇಲ್ಲ’ ಎನ್ನಲು ದಾರಿ ಸಿಗದೆ ಒದ್ದಾಡಿದ್ದಕ್ಕೆ ಗುರುತು ಬೇಕಾದಷ್ಟಿತ್ತು.

ಮುಂದೆ ಹೋಗುವ ಮೊದಲು ಒಂದು ವಿಷಯ ನಾನು ಕೇಳಲೇಬೇಕಿತ್ತು. ಈ ಡ್ರಾಯಿಂಗಿಗೆ ಸಹಿ ಯಾರದು? ಆ ಸೀನಿಯರೇ ಸಹಿ ಹಾಕಬೇಕಾದವರಾಗಿದ್ದರೆ ನನ್ನ ಸಲಹೆ ಪೂರ್ತಿ ತಿರುಗಿಬಿಡುತ್ತಿತ್ತು. ಅಲ್ಲಿ ನೋಡುವುದು ಉಪಕಾರವಲ್ಲ, ಅವರ ಹೊಣೆ. ಜನ ವಾಸ ಮಾಡುವ ಕಟ್ಟಡದ ಲೆಕ್ಕವನ್ನು ನೋಡದೆ ಬಿಡಲು ಸುಲಭದ ದಾರಿ ಮಾಡಿಕೊಡುವುದು ತಪ್ಪು. ಲತಾ ಹೇಳಿದಳು, ‘ಇಲ್ಲ ಮೇಡಂ, ಚೆಕ್ ಮಾಡಿ ಸಹಿ ಹಾಕುವುದು ಆಫೀಸಿನ ಯಜಮಾನರು. ಅವರನ್ನು ದೊಡ್ಡ ಸರ್ ಅಂತೀವಿ. ಅವರಿಗೆ ಕೊಡುವ ಮೊದಲು ಇವರು ಒಮ್ಮೆ ನೋಡಿದರೆ ನನಗೆ ಧೈರ್ಯ.’ ಹಾಗಾದರೆ ಇದು ಉಪಕಾರ. ಅವರು ನೋಡದಿದ್ದರೂ ಕಟ್ಟಡಕ್ಕೆ ಏನೂ ಆಗುವುದಿಲ್ಲ. ಈ ಮಾತು ನಿಜವಾಗಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

14 ಹಾಳೆಯಲ್ಲಿ ನಿನಗೆ ನಿಜವಾಗಿ ಅನುಮಾನ ಇರುವುದು ಎಲ್ಲಿ ಎಂದು ಕೇಳಿದೆ. ‘ಎಲ್ಲಾ ಕಡೆ’ ಎಂದಳು. ಆತಂಕ ಇದ್ದಾಗ ಎಲ್ಲರೂ ಹಾಗೇ ಹೇಳುತ್ತಾರೆ. ಒಂದು ಕಾಗದ ಕೊಟ್ಟು, ಅಡಿಪಾಯದಿಂದ ಶುರುಮಾಡಿ ಒಂದೊಂದೇ ಭಾಗ ಬರೆದು, ಗೊತ್ತಿರುವುದರ ಮುಂದೆ ಸರಿ ಗುರುತು ಹಾಕು ಎಂದೆ. ಇಪ್ಪತ್ತು ನಿಮಿಷವಾಯಿತು. ಉಳಿದಿದ್ದು ಒಂದೇ ಜಾಗ.

ಮೊದಲ ಮಹಡಿಯ ಬಾಲ್ಕನಿ. ಗೋಡೆಯಿಂದ 1.5 ಮೀಟರ್ ಹೊರಗೆ ಚಾಚಿದೆ, ಕೆಳಗೆ ಕಂಬವಿಲ್ಲ. ಇಂಥ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು, ಅದು ಹಿಂದಕ್ಕೆ ಕೋಣೆಯ ಸ್ಲ್ಯಾಬಿನೊಳಗೆ ಹೋಗಿ ಹಿಡಿದುಕೊಳ್ಳಬೇಕು ಎಂದು ಆಕೆ ವಿವರಿಸಿದಳು. ಆದರೆ ಈ ಮನೆಯಲ್ಲಿ ಬಾಲ್ಕನಿಯ ಹಿಂದೆಯೇ ಟಾಯ್ಲೆಟ್. ಪೈಪು ಹಾಯಿಸಲು ಅದರ ಸ್ಲ್ಯಾಬನ್ನು 300 ಮಿಲಿಮೀಟರ್ ಕೆಳಗಿಳಿಸಿದ್ದಾರೆ. ಮೇಲಿನ ಕಂಬಿ ನೇರವಾಗಿ ಹಿಂದೆ ಹೋಗಲು ಜಾಗವೇ ಇಲ್ಲ. ಅದಕ್ಕೆ ಲತಾ ಕಂಬಿಯನ್ನು ನಡುವಿನ ಬೀಮಿನೊಳಗೆ ಬಗ್ಗಿಸಿದ್ದಳು. ಆಗ ಬಾಲ್ಕನಿಯ ಭಾರ ಆ ಬೀಮನ್ನು ತಿರುಚಲು ನೋಡುತ್ತದೆ. ಆ ತಿರುಚುವಿಕೆಗೆ, ಅವರ ಮಾತಿನಲ್ಲಿ ಟಾರ್ಷನ್‌ಗೆ, ಬೀಮನ್ನು ಬೇರೆ ಲೆಕ್ಕ ಹಾಕಬೇಕೇ? ಇದೊಂದೇ ಆಕೆಯ ಪ್ರಶ್ನೆ.

ಇದನ್ನು ಹೇಳುವಾಗ ಲತಾಳ ದನಿ ಬದಲಾಗಿತ್ತು. ನಡುಕ ಇರಲಿಲ್ಲ. ‘ನಿನ್ನ ಉತ್ತರ ಏನು?’ ಎಂದೆ. ‘ಹಾಕಲೇಬೇಕು ಅನಿಸುತ್ತೆ.’ ಆ ಉತ್ತರವೂ ಮೆಸೇಜಿನಲ್ಲಿ ಇರಲಿ ಎಂದೆ. ಸುಮ್ನೆ ‘ಏನು ಮಾಡಲಿ?’ ಎಂದು ಕೇಳಿದರೆ ಅವರು ಮೊದಲಿನಿಂದ ಯೋಚಿಸಬೇಕು. ‘ನಾನು ಹೀಗೆ ಅಂದುಕೊಂಡಿದ್ದೇನೆ, ಸರಿಯಾ?’ ಎಂದರೆ ಹೌದು ಅಥವಾ ಅಲ್ಲ ಎಂದರೆ ಮುಗಿಯಿತು.

‘ಐದೇ ನಿಮಿಷ ಸರ್ ಅಂತ ಹಾಕಲಾ?’ ಎಂದು ಕೇಳಿದಳು. ಇದನ್ನು ನಾನು ಒಪ್ಪಲಿಲ್ಲ. ಐದು ನಿಮಿಷ ಎಂದು ಕರೆದು ಅರ್ಧ ಗಂಟೆ ಕೂರಿಸಿದರೆ, ಮುಂದಿನ ಸಲ ನಿಜವಾಗಿ ಐದು ನಿಮಿಷದ ಕೆಲಸ ಇದ್ದರೂ ಅವರು ನಂಬುವುದಿಲ್ಲ. ಆ ಬಾಲ್ಕನಿಯ ಸ್ಕೆಚ್ ಮಾಡಿ ನಿನ್ನ ಜೊತೆಗಾರ್ತಿಗೆ ಕೊಡು, ಬಾಯಲ್ಲಿ ಏನೂ ವಿವರಿಸಬೇಡ, ಅರ್ಥವಾಗಲು ಎಷ್ಟು ಹೊತ್ತು ಬೇಕು ನೋಡು ಎಂದೆ. 12 ನಿಮಿಷ ಹಿಡಿಯಿತಂತೆ.

ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಬರೆದ ಮೆಸೇಜು ಇದು:

‘ಸರ್, 14 ಹಾಳೆ ನೋಡೋದು ಬೇಡ, ಅದನ್ನು ವಾಪಸ್ ತಗೊಂಡಿದೀನಿ. ಒಂದೇ ಪ್ರಶ್ನೆ ಇದೆ. ಬಾಲ್ಕನಿ 1.5 ಮೀಟರ್, ಹಿಂದೆ ಟಾಯ್ಲೆಟ್ ಸ್ಲ್ಯಾಬ್ 300 ಕೆಳಗೆ. ಮೇಲಿನ ಕಂಬಿ ಬೀಮೊಳಗೆ ಬಗ್ಗಿಸಿದೀನಿ. ಬೀಮಿಗೆ ಟಾರ್ಷನ್ ಲೆಕ್ಕ ಹಾಕಬೇಕು ಅಂದ್ಕೊಂಡಿದೀನಿ, ಸರಿನಾ? ಸ್ಕೆಚ್ ಜೊತೆಗಿದೆ, ಹತ್ತು ಹದಿನೈದು ನಿಮಿಷ ಬೇಕಾಗಬಹುದು. ಗುರುವಾರ ಸಂಜೆ ಇದು ಹೇಗಿದ್ದರೂ ದೊಡ್ಡ ಸರ್ ಹತ್ರ ಚೆಕಿಂಗಿಗೆ ಹೋಗುತ್ತೆ. ಅಷ್ಟರೊಳಗೆ ನಿಮ್ಮಿಂದ ಏನೂ ಬರದಿದ್ರೆ ಈ ಸಲ ಆಗಲಿಲ್ಲ ಅಂತ ತಿಳ್ಕೊತೀನಿ. ಮತ್ತೆ ಕೇಳಲ್ಲ ಸರ್.’

ಇದರಲ್ಲಿ ನನಗೆ ಮುಖ್ಯ ಅನಿಸುವುದು ಗುರುವಾರ. ಆ ದಿನ ದಾಟಿದರೆ ಕೋರಿಕೆ ತಾನಾಗಿ ಮುಗಿಯುತ್ತದೆ. ಅವರು ಬಾಯಿಬಿಟ್ಟು ‘ಇಲ್ಲ’ ಎನ್ನಬೇಕಿಲ್ಲ, ಕಾರಣ ಹುಡುಕಬೇಕಿಲ್ಲ, ಸುಮ್ಮನಿದ್ದರೂ ತಪ್ಪಿಲ್ಲ. ಕೆಲಸ ನಿಲ್ಲುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಮೇಜಿನ ಹತ್ತಿರ ಹೋಗಿ ಕೇಳಬೇಡ, ಬರೆದೇ ಕಳಿಸು ಎಂದೂ ಹೇಳಿದೆ. ಮುಖ ನೋಡುತ್ತಾ ‘ಆಗಲ್ಲ’ ಎನ್ನುವುದು ತುಂಬಾ ಕಷ್ಟ. ಎದುರಿಗೆ ಸಿಗುವ ‘ಹೂಂ’ಗಳಲ್ಲಿ ಎಷ್ಟೋ, ಆ ಹೊತ್ತಿಗೆ ಪಾರಾಗಲು ಹೇಳಿದ ‘ಹೂಂ’ಗಳು.

ಲತಾಗೆ ಇದು ಇಷ್ಟವಾಗಲಿಲ್ಲ. ‘ಹೀಗೆ ಬರೆದರೆ ಅವರು ಖಂಡಿತ ನೋಡಲ್ಲ ಮೇಡಂ. ನಾನೇ ಬೇಡ ಅಂದ ಹಾಗಾಗುತ್ತೆ.’ ಆಕೆಯ ಮಾತಿನಲ್ಲಿ ಸತ್ಯವಿದೆ. ಬಾಗಿಲು ತೆರೆದಿಟ್ಟರೆ ಕೆಲವರು ಹೊರಗೆ ಹೋಗಿಯೇ ಹೋಗುತ್ತಾರೆ. ಅದಕ್ಕೆ ಸಿದ್ಧವಿಲ್ಲದಿದ್ದರೆ ಹೀಗೆ ಬರೆಯಬಾರದು. ‘ಒಂಬತ್ತು ದಿನ ಕಾದೆಯಲ್ಲ, ಅದರ ಬದಲು ಒಂದೇ ದಿನದಲ್ಲಿ ಇಲ್ಲ ಅಂತ ಬಂದಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾರನೆಯ ದಿನವೇ ದೊಡ್ಡ ಸರ್‌ಗೆ ಕೊಡುತ್ತಿದ್ದೆ’ ಎಂದಳು.

ಕಳಿಸುವ ಮೊದಲು ಏನಾಗಬಹುದು ಎಂದು ಒಂದು ಚೀಟಿಯಲ್ಲಿ ಬರೆದಿಡಲು ಹೇಳಿದೆ. ಆತಂಕದ ವಿಷಯದಲ್ಲಿ ನಾವು ಹೀಗೆ ಮಾಡಿಸುತ್ತೇವೆ. ಅಂದುಕೊಂಡಿದ್ದನ್ನೂ ಆಗಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಲು. ಲತಾ ಬರೆದದ್ದು: ‘ಉತ್ತರ ಬರಲ್ಲ. ನಾಳೆಯಿಂದ ಮಾತೂ ಆಡಿಸಲ್ಲ.’

ಸೋಮವಾರ ಬೆಳಿಗ್ಗೆ ಕಳಿಸಿದಳು. ಕಾಲು ಗಂಟೆಯಲ್ಲಿ ಉತ್ತರ ಬಂತು. ‘ಈ ವಾರ ಆಗಲ್ಲಮ್ಮ, ಎರಡು ಸೈಟ್ ಇದೆ. ಹಿಂದಿನದ್ದೂ ನೋಡಕ್ಕಾಗಲಿಲ್ಲ, ಹೇಳಬೇಕಿತ್ತು.’

ಲತಾ ಗಾಬರಿಯಲ್ಲಿ ನನಗೆ ಫೋನ್ ಮಾಡಿದಳು. ಈಗ ಏನು ಬರೆಯಲಿ? ಇಲ್ಲಿ ತಪ್ಪಿದರೆ ಮಾಡಿದ್ದೆಲ್ಲ ಹಾಳು. ‘ಅಯ್ಯೋ ಸಾರಿ ಸರ್, ತೊಂದರೆ ಕೊಟ್ಟೆ’ ಎಂದರೆ ಅವರು ಆಕೆಯನ್ನು ಸಮಾಧಾನ ಮಾಡಬೇಕಾಗುತ್ತದೆ. ‘ಹಾಗಾದ್ರೆ ಮುಂದಿನ ವಾರ?’ ಎಂದರೆ ಮುಚ್ಚಿದ ಸಾಲ ಮತ್ತೆ ತೆರೆದಂತೆ. ‘ಸರಿ ಸರ್, ಬೇಗ ಹೇಳಿದ್ದು ಒಳ್ಳೇದಾಯ್ತು, ದೊಡ್ಡ ಸರ್‌ಗೇ ಕೊಡ್ತೀನಿ’ ಎಂದಷ್ಟೇ ಬರೆದಳು. ಮಧ್ಯಾಹ್ನ ಊಟಕ್ಕೆ ಎಂದಿನ ಜಾಗದಲ್ಲೇ ಕೂತಳು. ಅವರೂ ಅಲ್ಲೇ ಇದ್ದರು. ಸೈಟಿನ ಮಳೆಯ ಬಗ್ಗೆ ಮಾತಾಡಿದರಂತೆ.

ಡ್ರಾಯಿಂಗು ದೊಡ್ಡ ಸರ್ ಹತ್ತಿರ ಹೋಯಿತು. ಟಾರ್ಷನ್ ಹಿಡಿದದ್ದು ಸರಿ ಎಂದರು. ಆದರೆ ಬೀಮಿನ ರಿಂಗುಗಳ ಅಂತರ ಕಡಿಮೆ ಮಾಡಿಸಿದರು. ತನಗೆ ಗೊತ್ತಿಲ್ಲದ ಜಾಗ ರಿಂಗುಗಳ ಅಂತರ ಎಂದು ಲತಾಗೆ ಆಗ ತಿಳಿಯಿತು.

ತಿಂಗಳ ನಂತರ ಕೊನೆಯ ಭೇಟಿಗೆ ಬಂದಾಗ ಆ ಚೀಟಿ ತಂದಿದ್ದಳು. ಕೆಳಗೆ ‘ಉತ್ತರ 15 ನಿಮಿಷಕ್ಕೆ ಬಂತು. ಮಾತಾಡಿಸಿದರು’ ಎಂದು ಬರೆದಿದ್ದಳು. ಇನ್ನೊಂದು ಮನೆಯ ಮೆಟ್ಟಿಲ ಬಗ್ಗೆ ಅದೇ ಸೀನಿಯರ್‌ಗೆ ಮತ್ತೆ ಒಂದು ಪ್ರಶ್ನೆ ಕಳಿಸಿದ್ದಳು, ಅದೇ ರೀತಿ, ದಿನ ಹೇಳಿ. ಈ ಸಲ ಅವರೇ ಟೇಬಲ್ ಹತ್ತಿರ ಬಂದು, ‘ಎಲ್ಲಿ, ತೋರಿಸು’ ಎಂದರಂತೆ.